ಬ್ಯಾಲೆನ್ಸ್ ನೋಡಿದರೆ ಹಣ ಹೋಗುತ್ತದೆಯೇ? ಯುಪಿಐ ಮೋಸವನ್ನು ಗುರುತಿಸಲು ಆರು ಕಾರ್ಡ್‌ಗಳು

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿರುವ ನನ್ನ ಚಿಕ್ಕಮ್ಮನಿಗೆ ಒಂದು ದಿನ ಮೊಬೈಲಿನಲ್ಲಿ 2,000 ರೂಪಾಯಿ ಜಮೆಯಾದ ಸಂದೇಶ ಬಂತು. ಅದಕ್ಕೆ ಎರಡು ದಿನ ಮುಂಚೆ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವರು ಒಂದು ಫಾರ್ವರ್ಡ್ ಓದಿದ್ದರು: "ಗೊತ್ತಿಲ್ಲದವರಿಂದ ಹಣ ಬಂದರೆ ಬ್ಯಾಲೆನ್ಸ್ ನೋಡಬೇಡಿ. ಪಿನ್ ಹಾಕಿದ ಕೂಡಲೇ ಖಾತೆ ಖಾಲಿ!" ಹೆದರಿದ ಚಿಕ್ಕಮ್ಮ ಫೋನ್ ಮುಟ್ಟಲಿಲ್ಲ. ಮರುದಿನ ಕೂಲಿ ಬಿಟ್ಟು, ಬಸ್ ಹತ್ತಿ ಕೋಟೆಗೆ ಹೋಗಿ, ಬ್ಯಾಂಕಿನಲ್ಲಿ ಸಾಲು ನಿಂತು ಪಾಸ್‌ಬುಕ್ ಎಂಟ್ರಿ ಮಾಡಿಸಿದರು. ಬಂದಿದ್ದು ಗೃಹಲಕ್ಷ್ಮಿ ಹಣ.

ಇಲ್ಲಿ ಯಾವ ಕಳ್ಳನೂ ಇರಲಿಲ್ಲ. ಆದರೂ ಒಂದು ದಿನದ ಕೂಲಿ ಹೋಯಿತು. ಮೋಸದ ಬಗ್ಗೆ ಎಚ್ಚರಿಸುವ ಫಾರ್ವರ್ಡ್ ತಪ್ಪಾಗಿದ್ದರೆ ಹೀಗಾಗುತ್ತದೆ. ಹೆದರಬೇಕಿಲ್ಲದ ಕಡೆ ಜನ ಹೆದರುತ್ತಾರೆ, ನಿಜವಾಗಿ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಆದ್ದರಿಂದ ಆ ಫಾರ್ವರ್ಡ್‌ನಿಂದಲೇ ಶುರುಮಾಡೋಣ. ಕೆಳಗಿನ ಒಂದೊಂದು ಕಾರ್ಡನ್ನೂ ಬಿಡಿಯಾಗಿ ಹಂಚಿಕೊಳ್ಳಬಹುದು.

ಕಾರ್ಡ್ 1: ಬ್ಯಾಲೆನ್ಸ್ ನೋಡುವುದರಿಂದ ಹಣ ಹೋಗುವುದಿಲ್ಲ

ಹೇಳಿಕೆ: ಮೋಸಗಾರರು ಮೊದಲು ನಿಮ್ಮ ಖಾತೆಗೆ ಸ್ವಲ್ಪ ಹಣ ಹಾಕುತ್ತಾರೆ. ಜೊತೆಗೇ ದೊಡ್ಡ ಮೊತ್ತ ಕೇಳುವ ಒಂದು ವಿನಂತಿಯನ್ನೂ ಕಳುಹಿಸುತ್ತಾರೆ. ಬಂದ ಹಣ ಎಷ್ಟೆಂದು ನೋಡಲು ನೀವು ಪಿನ್ ಹಾಕಿದಾಗ ಆ ವಿನಂತಿಗೆ ಒಪ್ಪಿಗೆ ಸಿಕ್ಕಿಬಿಡುತ್ತದೆ.

ಸತ್ಯಾಂಶ: ಇದು ತಪ್ಪು.

2024ರ ಕೊನೆಯಲ್ಲಿ ಮತ್ತು 2025ರ ಆರಂಭದಲ್ಲಿ ಇದು "ಜಂಪ್ಡ್ ಡೆಪಾಸಿಟ್" ಎಂಬ ಹೆಸರಿನಲ್ಲಿ ದೇಶದ ತುಂಬ ಹರಿದಾಡಿತು. ಪತ್ರಿಕೆಗಳಲ್ಲೂ ಬಂತು. ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಆಗಲೇ ಸ್ಪಷ್ಟನೆ ನೀಡಿತು. ಆ್ಯಪ್ ತೆರೆಯುವುದರಿಂದಾಗಲಿ, ಬ್ಯಾಲೆನ್ಸ್ ನೋಡುವುದರಿಂದಾಗಲಿ ಯಾವ ಪಾವತಿಗೂ ತನ್ನಷ್ಟಕ್ಕೆ ಒಪ್ಪಿಗೆ ಸಿಗುವುದಿಲ್ಲ ಎಂಬುದು ಅದರ ಸಾರ.

ಕಾರಣ ಸರಳ. ನೀವು ಹಾಕುವ ಪಿನ್ ಆ ಕ್ಷಣದಲ್ಲಿ ನೀವು ಶುರುಮಾಡಿದ ಕೆಲಸಕ್ಕೆ ಮಾತ್ರ ಅಂಟಿಕೊಳ್ಳುತ್ತದೆ. ಬ್ಯಾಲೆನ್ಸ್ ನೋಡಲು ಹೊರಟಿದ್ದರೆ ಪಿನ್ ಬ್ಯಾಲೆನ್ಸ್ ಕೇಳುವ ಕೋರಿಕೆಯ ಜೊತೆ ಬ್ಯಾಂಕಿಗೆ ಹೋಗುತ್ತದೆ, ಉತ್ತರವಾಗಿ ಮೊತ್ತ ಬರುತ್ತದೆ, ಅಲ್ಲಿಗೆ ಮುಗಿಯಿತು. ಹಣ ಕೇಳುವ ವಿನಂತಿ ಬಂದಿದ್ದರೂ ಅದು ಬೇರೆ ಕಡೆ ಕಾಯುತ್ತಿರುತ್ತದೆ. ನೀವೇ ಅದನ್ನು ತೆರೆದು, ಪಾವತಿಸುವ ಬಟನ್ ಒತ್ತಿ, ಮತ್ತೆ ಪಿನ್ ಹಾಕಿದರೆ ಮಾತ್ರ ಹಣ ಹೋಗುತ್ತದೆ.

ಆ ಫಾರ್ವರ್ಡ್‌ಗಳಲ್ಲಿ "ಮೊದಲು ಬೇಕೆಂದೇ ತಪ್ಪು ಪಿನ್ ಹಾಕಿ" ಎಂಬ ಸಲಹೆಯೂ ಇರುತ್ತದೆ. ಅದರ ಅಗತ್ಯವಿಲ್ಲ. ಪದೇಪದೇ ತಪ್ಪು ಪಿನ್ ಹಾಕಿದರೆ ಬ್ಯಾಂಕು ನಿಮ್ಮ ಯುಪಿಐಯನ್ನೇ ಕೆಲವು ಗಂಟೆ ತಡೆಯುತ್ತದೆ. ಅಂಗಡಿಯಲ್ಲಿ ದುಡ್ಡು ಕೊಡಲಾಗದೆ ನಿಲ್ಲುವವರು ಆಮೇಲೆ ನೀವೇ.

ಕಾರ್ಡ್ 2: ಪಿನ್ ಅಂದರೆ ಸಹಿ. ಸಹಿ ಮಾಡುವ ಮುನ್ನ ಮೇಲಿನ ಎರಡು ಸಾಲು ಓದಿ

ಸೊಸೈಟಿಯಲ್ಲಿ ಸಾಲದ ಕಾಗದಕ್ಕೆ ಸಹಿ ಹಾಕುವಾಗ ಮೊತ್ತ ಎಷ್ಟು ಬರೆದಿದೆ ಎಂದು ನೋಡಿಯೇ ನೋಡುತ್ತೇವೆ. ಯುಪಿಐ ಪಿನ್ ಕೂಡ ಸಹಿಯೇ. "ನನ್ನ ಖಾತೆಯಿಂದ ಇಷ್ಟು ಹಣವನ್ನು ಇಂಥವರಿಗೆ ಕೊಡಿ" ಎಂದು ಬ್ಯಾಂಕಿಗೆ ಹೇಳುವ ಸಹಿ.

ಪಿನ್ ಹಾಕುವ ಸ್ಕ್ರೀನ್ ಎಲ್ಲ ಯುಪಿಐ ಆ್ಯಪ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ನಾಲ್ಕೋ ಆರೋ ಅಂಕಿಯ ಖಾಲಿ ಜಾಗ, ಕೆಳಗೆ ಅಂಕಿಗಳ ಕೀಲಿಮಣೆ. ಮುಖ್ಯವಾದದ್ದು ಮೇಲ್ಗಡೆ ಇರುತ್ತದೆ: ನಿಮ್ಮ ಬ್ಯಾಂಕಿನ ಹೆಸರು, ಹಣ ಯಾರಿಗೆ ಹೋಗುತ್ತಿದೆ, ಎಷ್ಟು ಹೋಗುತ್ತಿದೆ. ಬ್ಯಾಲೆನ್ಸ್ ನೋಡುವಾಗ ಅಲ್ಲಿ ಕೊಡುವ ಮೊತ್ತವೂ ಇರುವುದಿಲ್ಲ, ಪಡೆಯುವವರ ಹೆಸರೂ ಇರುವುದಿಲ್ಲ. ಮೊತ್ತ ಕಂಡಿತೆಂದರೆ ನೀವು ಹಣ ಕೊಡುತ್ತಿದ್ದೀರಿ ಎಂದೇ ಅರ್ಥ.

ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದೂ ಬೇಕಿಲ್ಲ. ಹ್ಯಾಂಡ್‌ಪೋಸ್ಟ್‌ನ ಟೀ ಅಂಗಡಿಯವರನ್ನು ನೆನೆಸಿಕೊಳ್ಳಿ. ಕೋಡ್ ಅಂಟಿಸಿರುವುದು ಅವರು, ಸ್ಕ್ಯಾನ್ ಮಾಡುವುದು ನಾವು. ಹಣ ಬಂದಾಗ ಅವರು ಹಾಲು ಸೋಸುತ್ತಲೇ ಇರುತ್ತಾರೆ, ಫೋನ್ ಕೈಗೆತ್ತಿಕೊಳ್ಳುವುದೂ ಇಲ್ಲ. ಸ್ಕ್ಯಾನ್ ಮಾಡುವವರು ಕೊಡುವವರು. ಇಷ್ಟು ನೆನಪಿದ್ದರೆ ಮುಂದಿನ ಕಾರ್ಡಿನ ಮೋಸ ನಿಮ್ಮ ಹತ್ತಿರ ನಡೆಯುವುದಿಲ್ಲ.

ಒಂದು ಸಣ್ಣ ವಿನಾಯಿತಿ ಇದೆ. ನೀವು ಯುಪಿಐ ಲೈಟ್ ಶುರುಮಾಡಿಕೊಂಡಿದ್ದರೆ ಚಿಕ್ಕ ಮೊತ್ತಗಳು ಪಿನ್ ಇಲ್ಲದೆ ಹೋಗುತ್ತವೆ. ಕೆಲವು ಆ್ಯಪ್‌ಗಳಲ್ಲಿ ಪಿನ್ ಬದಲು ಬೆರಳಚ್ಚು ಅಥವಾ ಮುಖ ತೋರಿಸುವ ವ್ಯವಸ್ಥೆಯೂ ಬಂದಿದೆ. ಬೆರಳಿಟ್ಟರೂ ಅದು ಸಹಿಯೇ. ಆಗಲೂ ಮೊತ್ತ ಮತ್ತು ಹೆಸರು ನೋಡಿಯೇ ಬೆರಳಿಡಿ.

ಕಾರ್ಡ್ 3: "ಅಡ್ವಾನ್ಸ್ ಕಳಿಸ್ತೀನಿ, ಕೋಡ್ ಸ್ಕ್ಯಾನ್ ಮಾಡಿ"

ಹಳೆಯ ಸಾಮಾನು ಮಾರುವವರನ್ನು ಬಲೆಗೆ ಬೀಳಿಸುವ ಈ ಮೋಸ ವರ್ಷಗಳಿಂದ ನಡೆಯುತ್ತಿದೆ. ಇದು ಹೇಗೆ ಸಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ.

ರೈತರೊಬ್ಬರು ತಮ್ಮ ಹಳೆಯ ಪಂಪ್‌ಸೆಟ್ ಮಾರಲು ಆನ್‌ಲೈನಿನಲ್ಲಿ ಫೋಟೊ ಹಾಕುತ್ತಾರೆ. ಬೆಲೆ 14,000 ರೂಪಾಯಿ. ಹತ್ತು ನಿಮಿಷದಲ್ಲಿ ಕರೆ ಬರುತ್ತದೆ.

"ಸಾರ್, ನಾನು ಸೇನೆಯಲ್ಲಿದ್ದೀನಿ. ನಮ್ಮ ತಂದೆಯವರ ತೋಟಕ್ಕೆ ಪಂಪ್ ಬೇಕು. ನಾಳೆ ನಮ್ಮ ಗಾಡಿ ಬರುತ್ತೆ. ಬೇರೆಯವರಿಗೆ ಕೊಡಬೇಡಿ, ಅರ್ಧ ದುಡ್ಡು ಈಗಲೇ ಹಾಕ್ತೀನಿ."

ಚೌಕಾಸಿ ಇಲ್ಲ. ಪಂಪ್ ಎಷ್ಟು ಎಚ್‌ಪಿ, ಎಷ್ಟು ವರ್ಷ ಹಳೆಯದು ಎಂಬ ಪ್ರಶ್ನೆಯೂ ಇಲ್ಲ. ಸಮವಸ್ತ್ರದ ಫೋಟೊ ಇರುವ ಗುರುತಿನ ಚೀಟಿಯೊಂದು ವಾಟ್ಸ್ಆ್ಯಪ್‌ಗೆ ಬರುತ್ತದೆ. ಮೊದಲ ಸುಳಿವು ಇಲ್ಲೇ ಇದೆ. ವಸ್ತುವನ್ನು ನೋಡದೆ, ಬೆಲೆ ಇಳಿಸಲು ಕೇಳದೆ ಹಣ ಕೊಡುವ ಗಿರಾಕಿ ಸಂತೆಯಲ್ಲಿ ಎಂದಾದರೂ ಸಿಕ್ಕಿದ್ದುಂಟೇ?

ಬಳಿಕ ಅವನು ಹೇಳುತ್ತಾನೆ: "ನಮ್ಮದು ಮಿಲಿಟರಿ ಅಕೌಂಟ್. ಮೊದಲು ನೀವು ಹತ್ತು ರೂಪಾಯಿ ಕಳಿಸಿ, ಚೆಕ್ ಮಾಡ್ಬೇಕು. ನಾನು ಇಪ್ಪತ್ತು ವಾಪಸ್ ಹಾಕ್ತೀನಿ." ಇವರು 10 ಕಳಿಸುತ್ತಾರೆ. ನಿಜವಾಗಿಯೂ 20 ಬರುತ್ತದೆ! ನಂಬಿಕೆ ಹುಟ್ಟುವುದು ಇಲ್ಲೇ. ಆ 10 ರೂಪಾಯಿ ಲಾಭವೇ ಗಾಳಕ್ಕೆ ಸಿಕ್ಕಿಸಿದ ಎರೆಹುಳು.

ಆಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದೆ. ಅದರ ಕೆಳಗೆ "7,000 ರೂಪಾಯಿ ಪಡೆಯಿರಿ" ಎಂದು ಬರೆದಿರುತ್ತದೆ. ಆ ಬರಹ ಚಿತ್ರದ ಮೇಲೆ ಅವನೇ ಬರೆದದ್ದು, ಬ್ಯಾಂಕ್ ಬರೆದದ್ದಲ್ಲ. ಕೋಡಿನ ಒಳಗೆ ಇರುವುದು ಅವನ ಯುಪಿಐ ವಿಳಾಸ ಮತ್ತು ಕೊಡಬೇಕಾದ 7,000 ರೂಪಾಯಿ. ಇವರು ಸ್ಕ್ಯಾನ್ ಮಾಡಿದಾಗ ಪಿನ್ ಸ್ಕ್ರೀನಿನ ಮೇಲ್ಗಡೆ ಆ ಮೊತ್ತ ಮತ್ತು ಅಪರಿಚಿತ ಹೆಸರು ಕಾಣುತ್ತವೆ. ಆದರೆ ಅವನು ಕರೆ ಕಡಿತಗೊಳಿಸಲು ಬಿಡುವುದಿಲ್ಲ. "ಬೇಗ ಸಾರ್, ಡ್ಯೂಟಿಗೆ ಹೋಗ್ಬೇಕು" ಎನ್ನುತ್ತಲೇ ಇರುತ್ತಾನೆ. ಓದಲು ಬಿಡಬಾರದು ಎಂಬುದೇ ಆ ಮಾತಿನ ಉದ್ದೇಶ. ಇವರು ಪಿನ್ ಹಾಕುತ್ತಾರೆ, 7,000 ಹೋಗುತ್ತದೆ.

ಅಲ್ಲಿಗೆ ಮುಗಿಯುವುದಿಲ್ಲ. "ಅಯ್ಯೋ, ಸರ್ವರ್ ತಪ್ಪಾಯ್ತು ಸಾರ್. ಈ 14,000ದ ಕೋಡ್ ಸ್ಕ್ಯಾನ್ ಮಾಡಿ, ಹೋಗಿದ್ದು, ಬರಬೇಕಾದದ್ದು ಎಲ್ಲಾ ಒಟ್ಟಿಗೆ ಬರುತ್ತೆ." ಕಳೆದುಕೊಂಡದ್ದನ್ನು ಪಡೆಯುವ ಗಾಬರಿಯಲ್ಲಿ ಇವರು ಮತ್ತೆ ಪಿನ್ ಹಾಕುತ್ತಾರೆ. ಈಗ ಹೋದದ್ದು ಒಟ್ಟು 21,000. ಪಂಪಿನ ಬೆಲೆಗಿಂತ 7,000 ಹೆಚ್ಚು.

ಈ ಕತೆಯಲ್ಲಿ ಎರಡನೇ ಪಿನ್ ಮೊದಲನೆಯದಕ್ಕಿಂತ ದುಬಾರಿಯಾಯಿತು. ಮೊದಲ ಸಲ ಮೋಸ ಹೋದವರು ಅಲ್ಲೇ ಫೋನ್ ಇಟ್ಟಿದ್ದರೆ ನಷ್ಟ ಮೂರನೇ ಒಂದು ಭಾಗಕ್ಕೆ ನಿಲ್ಲುತ್ತಿತ್ತು. "ಹೋದ ಹಣ ವಾಪಸ್ ಬರಲು ಇನ್ನೊಮ್ಮೆ ಕಳಿಸಿ" ಎಂದರೆ ಅದು ಮೋಸವೇ, ಬೇರೆ ಮಾತಿಲ್ಲ.

ಒಂದು ಬದಲಾವಣೆ ತಿಳಿದಿರಲಿ. ಮೊದಲು ಇದೇ ಆಟವನ್ನು "ಕಲೆಕ್ಟ್ ರಿಕ್ವೆಸ್ಟ್" ಕಳುಹಿಸಿ ಆಡುತ್ತಿದ್ದರು. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಹಾಗೆ ವಿನಂತಿ ಕಳುಹಿಸುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲು ಎನ್‌ಪಿಸಿಐ ಆದೇಶಿಸಿತು. ಆ ಬಾಗಿಲು ಮುಚ್ಚಿದೆ. ಕ್ಯೂಆರ್ ಕೋಡಿನ ಬಾಗಿಲು ಮುಚ್ಚಲು ಬರುವುದಿಲ್ಲ, ಏಕೆಂದರೆ ಅಂಗಡಿ ಮುಂಗಟ್ಟು ನಡೆಯುತ್ತಿರುವುದೇ ಅದರಿಂದ. ಅಲ್ಲಿ ಕಾವಲು ನಮ್ಮ ಕಣ್ಣೇ.

ಕಾರ್ಡ್ 4: "ತಪ್ಪಾಗಿ ನಿಮಗೆ ಹಣ ಹಾಕಿಬಿಟ್ಟೆ"

"ಅಕ್ಕಾ, ಆಸ್ಪತ್ರೆಗೆ ಕಟ್ಟಬೇಕಾದ 5,000 ನಿಮ್ಮ ನಂಬರಿಗೆ ಹೋಗಿದೆ. ದಯವಿಟ್ಟು ವಾಪಸ್ ಹಾಕಿ." ಕರೆಗೆ ಮುಂಚೆ ಜಮೆಯಾದ ಸಂದೇಶವೂ ಬಂದಿರುತ್ತದೆ. ನಮ್ಮ ಜನ ಬೇರೆಯವರ ದುಡ್ಡನ್ನು ಇಟ್ಟುಕೊಳ್ಳುವವರಲ್ಲ, ಹಾಗಾಗಿ ತಕ್ಷಣ ಕಳುಹಿಸಿಬಿಡುತ್ತಾರೆ. ಈ ಮೋಸ ನಿಂತಿರುವುದು ಆ ಒಳ್ಳೆಯತನದ ಮೇಲೆ.

ಮೊದಲು ಸಂದೇಶ ಯಾರಿಂದ ಬಂದಿದೆ ನೋಡಿ. ಬ್ಯಾಂಕಿನ ಎಸ್‌ಎಂಎಸ್ ಬರುವುದು ಅಕ್ಷರಗಳ ಹೆಸರಿನಿಂದ, ಹತ್ತಂಕಿಯ ಮೊಬೈಲ್ ಸಂಖ್ಯೆಯಿಂದ ಅಲ್ಲ. ಅನುಮಾನವಿದ್ದರೆ ಸಂದೇಶವನ್ನು ನಂಬಬೇಡಿ, ಖಾತೆಯನ್ನು ನೋಡಿ. ಕಾರ್ಡ್ 1ರಲ್ಲಿ ಹೇಳಿದಂತೆ ಬ್ಯಾಲೆನ್ಸ್ ನೋಡುವುದು ಸುರಕ್ಷಿತ, ಮತ್ತು ಈ ಮೋಸದಿಂದ ಉಳಿಸುವುದೇ ಅದು. ಬ್ಯಾಲೆನ್ಸ್ ನೋಡಬೇಡಿ ಎನ್ನುವ ಫಾರ್ವರ್ಡ್ ಎಷ್ಟು ಹಾನಿ ಮಾಡುತ್ತದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಕಳ್ಳ ಹಿಡಿಯುವ ದೀಪವನ್ನೇ ಅದು ಆರಿಸುತ್ತದೆ. ಕಾಡಂಚಿನ ಹಳ್ಳಿಗಳಲ್ಲಿ ಇಂಟರ್ನೆಟ್ ಸಿಗದಿದ್ದರೆ, ಬ್ಯಾಂಕಿಗೆ ಜೋಡಿಸಿದ ಸಿಮ್‌ನಿಂದ *99# ಒತ್ತಿಯೂ ಬ್ಯಾಲೆನ್ಸ್ ನೋಡಬಹುದು.

ಹಣ ನಿಜವಾಗಿಯೂ ಬಂದಿದ್ದರೆ? ಆಗಲೂ ನೀವಾಗಿ ಕಳುಹಿಸಬೇಡಿ. "ನಿಮ್ಮ ಬ್ಯಾಂಕಿಗೆ ದೂರು ಕೊಡಿ, ಅವರು ನಮ್ಮ ಬ್ಯಾಂಕಿನ ಮೂಲಕ ಕೇಳಲಿ, ನಾನು ಒಪ್ಪಿಗೆ ಕೊಡುತ್ತೇನೆ" ಎಂದು ಹೇಳಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಬಂದ ಹಣ ಬೇರೊಬ್ಬರಿಂದ ಕದ್ದದ್ದಾಗಿರಬಹುದು. ಅದನ್ನು ನೀವು ಮುಂದಕ್ಕೆ ದಾಟಿಸಿದರೆ ತನಿಖೆಯಲ್ಲಿ ನಿಮ್ಮ ಖಾತೆಯೂ ತಡೆಹಿಡಿಯಲ್ಪಡಬಹುದು. ನಿಜವಾಗಿ ತಪ್ಪಾಗಿ ಹಾಕಿದವರಿಗೆ ಈ ದಾರಿಯಿಂದ ತೊಂದರೆಯಿಲ್ಲ. ಮೋಸಗಾರ ಮಾತ್ರ ಕೂಗಾಡುತ್ತಾನೆ.

ಕಾರ್ಡ್ 5: ಗೃಹಲಕ್ಷ್ಮಿ ಹೆಸರಿನ .apk ಫೈಲ್

ಇಲ್ಲಿಯವರೆಗಿನ ಮೋಸಗಳಲ್ಲಿ ಪಿನ್ ಹಾಕಿದ್ದು ನೀವು. ಇದು ಬೇರೆ ಬಗೆಯದು, ಹಾಗಾಗಿ ಬೇರೆ ಎಚ್ಚರ ಬೇಕು.

ವಾಟ್ಸ್ಆ್ಯಪ್‌ನಲ್ಲಿ ಒಂದು ಫೈಲ್ ಬರುತ್ತದೆ. ಹೆಸರು ಪಿಎಂ ಕಿಸಾನ್ ಇರಬಹುದು, ಗಾಡಿಯ ದಂಡದ ಚಲನ್ ಇರಬಹುದು, ಮದುವೆ ಕರೆಯೋಲೆಯೂ ಆಗಿರಬಹುದು. ಮೈಸೂರಿನಲ್ಲಿ 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾದ ಮೇಲೆ ಬಹಳ ಮನೆಗಳಲ್ಲಿ "ಈ ಕಂತು ಯಾಕೆ ಬಂದಿಲ್ಲ" ಎಂಬ ಮಾತು ಇದ್ದದ್ದೇ. ಜನ ಯಾವುದಕ್ಕೆ ಕಾಯುತ್ತಿರುತ್ತಾರೋ ಆ ಹೆಸರನ್ನೇ ಮೋಸಗಾರರು ಫೈಲಿಗೆ ಇಡುತ್ತಾರೆ.

ಫೈಲಿನ ಹೆಸರಿನ ಕೊನೆ ನೋಡಿ. ಫೋಟೊ ಆದರೆ .jpg, ಕಾಗದಪತ್ರ ಆದರೆ .pdf ಎಂದಿರುತ್ತದೆ. .apk ಎಂದಿದ್ದರೆ ಅದು ಕಾಗದವೂ ಅಲ್ಲ, ಕರೆಯೋಲೆಯೂ ಅಲ್ಲ, ಫೋನಿನೊಳಗೆ ಇಳಿಯುವ ಒಂದು ಆ್ಯಪ್. ಇನ್‌ಸ್ಟಾಲ್ ಮಾಡಿದರೆ ಅದು ನಿಮ್ಮ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಬೇರೆ ಫೋನಿನಲ್ಲಿ ನಿಮ್ಮ ಹೆಸರಿನಲ್ಲಿ ಹೊಸ ಪಿನ್ ಮಾಡಿಕೊಳ್ಳಲು ಕಳ್ಳನಿಗೆ ಬೇಕಾಗುವುದು ಡೆಬಿಟ್ ಕಾರ್ಡ್ ಅಥವಾ ಆಧಾರ್ ವಿವರ ಮತ್ತು ಒಟಿಪಿ. ಆ್ಯಪ್ ಒಟಿಪಿಯನ್ನು ತಾನೇ ಓದಿ ದಾಟಿಸುತ್ತದೆ. ಉಳಿದ ವಿವರವನ್ನು "ಕೆವೈಸಿ ತುಂಬಿ" ಎಂಬ ನಕಲಿ ಅರ್ಜಿಯಲ್ಲಿ ನಿಮ್ಮ ಕೈಯಿಂದಲೇ ಬರೆಸಿಕೊಳ್ಳುತ್ತದೆ.

ಹೆದರಬೇಡಿ. ಫೈಲ್ ಬಂದ ಮಾತ್ರಕ್ಕೆ ಏನೂ ಆಗುವುದಿಲ್ಲ, ಡಿಲೀಟ್ ಮಾಡಿದರೆ ಸಾಕು. ಒತ್ತಿದರೂ ಒಂದು ತಡೆ ಇದೆ. ಗೊತ್ತಿಲ್ಲದ ಕಡೆಯಿಂದ ಆ್ಯಪ್ ಹಾಕಲು ಆಂಡ್ರಾಯ್ಡ್ ಫೋನ್ ನಿಮ್ಮ ಅನುಮತಿ ಕೇಳುತ್ತದೆ. ಅಲ್ಲಿ "ಬೇಡ" ಎನ್ನಿ. ಇನ್‌ಸ್ಟಾಲ್ ಮಾಡಿಬಿಟ್ಟಿದ್ದರೆ ಮೊದಲು ಡೇಟಾ ಮತ್ತು ವೈಫೈ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಗೆ ತಾತ್ಕಾಲಿಕ ತಡೆ ಹಾಕಿಸಿ, ಆಮೇಲೆ ಆ ಆ್ಯಪ್ ತೆಗೆಯಿರಿ. ಆ ಫೈಲ್ ನಿಮ್ಮ ಹೆಸರಿನಿಂದ ಗುಂಪುಗಳಿಗೆ ಹೋಗಿದೆಯೇ ಎಂದೂ ನೋಡಿ.

ಕಂತು ಬಂದಿಲ್ಲವಾದರೆ ಕೇಳಬೇಕಾದ ಜಾಗ ಅಂಗನವಾಡಿ ಅಥವಾ ತಾಲ್ಲೂಕಿನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕಚೇರಿ, ವಾಟ್ಸ್ಆ್ಯಪ್ ಫೈಲ್ ಅಲ್ಲ.

ಕಾರ್ಡ್ 6: ಹಣ ಹೋಗಿಬಿಟ್ಟಿದ್ದರೆ ಮೊದಲು 1930

ಮೋಸ ಆದ ಮೇಲೆ ಬಹಳ ಜನ ಎರಡು ದಿನ ಸುಮ್ಮನಿರುತ್ತಾರೆ. ಮನೆಯವರು ಬೈಯ್ಯುತ್ತಾರೆಂಬ ಅಂಜಿಕೆ, ಊರಿಗೆ ಗೊತ್ತಾದರೆ ಎಂಬ ನಾಚಿಕೆ. ಆ ಎರಡು ದಿನವೇ ಕಳ್ಳನಿಗೆ ಬೇಕಾದದ್ದು.

1930ಕ್ಕೆ ಕರೆ ಮಾಡಿದಾಗ ಆಗುವುದು ಇದು. ನಿಮ್ಮ ದೂರು ಹಣ ಹೋದ ಖಾತೆಯ ಬ್ಯಾಂಕಿಗೆ ತಲುಪುತ್ತದೆ. ಹಣ ಇನ್ನೂ ಅಲ್ಲೇ ಇದ್ದರೆ ಆ ಬ್ಯಾಂಕು ಅದನ್ನು ತಡೆಹಿಡಿಯುತ್ತದೆ. ಬೇರೆ ಬ್ಯಾಂಕಿಗೆ ದಾಟಿದ್ದರೆ ದೂರು ಅಲ್ಲಿಗೆ ಹಿಂಬಾಲಿಸುತ್ತದೆ. ಯಾರಾದರೂ ಎಟಿಎಂನಿಂದ ನಗದು ತೆಗೆದುಕೊಂಡ ಮೇಲೆ ಹಿಂಬಾಲಿಸಲು ಏನೂ ಉಳಿಯುವುದಿಲ್ಲ. ಹಾಗಾಗಿ ಗಂಟೆಗಳ ಲೆಕ್ಕ. ಎಲ್ಲರ ಹಣವೂ ವಾಪಸ್ ಬರುತ್ತದೆ ಎಂದು ಹೇಳಲಾಗದು. ಬೇಗ ಹೇಳಿದವರದು ಬರುವ ಸಾಧ್ಯತೆ ಹೆಚ್ಚು.

ಕರೆ ಮಾಡುವಾಗ ನಿಮ್ಮ ಬ್ಯಾಂಕಿನ ಹೆಸರು, ಹೋದ ಮೊತ್ತ, ಸಮಯ ಮತ್ತು ಆ ಪಾವತಿಯ 12 ಅಂಕಿಯ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ಆ ಸಂಖ್ಯೆ ಆ್ಯಪಿನ ಹಳೆಯ ಪಾವತಿಗಳ ಪಟ್ಟಿಯಲ್ಲಿ ಸಿಗುತ್ತದೆ. 1930 ಕೇಳುವುದು ಇಷ್ಟೇ, ಪಿನ್ ಆಗಲಿ ಒಟಿಪಿ ಆಗಲಿ ಕೇಳುವುದಿಲ್ಲ. ಓದಬಲ್ಲ ಮಕ್ಕಳಿದ್ದರೆ cybercrime.gov.in ತಾಣದಲ್ಲೂ ದೂರು ಹಾಕಿಸಬಹುದು. ನಂತರ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಮೈಸೂರಿನಲ್ಲಿರುವ ಜಿಲ್ಲೆಯ ಸೆನ್ ಠಾಣೆಗೆ ಹೋಗಬಹುದು. ಆದರೆ ಬಸ್ ಹತ್ತುವ ಮುನ್ನ 1930ಕ್ಕೆ ಕರೆ ಆಗಿರಲಿ.

ಬ್ಯಾಂಕಿಗೂ ಅಂದೇ ತಿಳಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ನಿಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರು ಹಣ ಎಗರಿಸಿದ್ದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆ ನಷ್ಟ ನಿಮ್ಮದಲ್ಲ. ಪಿನ್ ಅಥವಾ ಒಟಿಪಿ ಹಂಚಿಕೊಂಡು ಆದ ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನದ್ದು ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಎರಡರಲ್ಲೂ ತಿಳಿಸಿದ ಹೊತ್ತೇ ಮುಖ್ಯ.

ಎಲ್ಲ ಮೋಸಗಳಲ್ಲೂ ಕಾಣುವ ಮೂರು ಗುರುತು

ವೇಷ ಬದಲಾಗುತ್ತದೆ, ಗುರುತು ಬದಲಾಗುವುದಿಲ್ಲ. ಅವಸರ ಮಾಡಿಸುತ್ತಾರೆ. ಕರೆ ಇಡಲು ಬಿಡುವುದಿಲ್ಲ. ಮನೆಯವರಿಗೆ ಹೇಳಬೇಡಿ ಎನ್ನುತ್ತಾರೆ. "ಡಿಜಿಟಲ್ ಅರೆಸ್ಟ್" ಎಂದು ಹೆದರಿಸುವವರದೂ ಇದೇ ದಾರಿ. ವಿಜಯಪುರದ ಯುವಕರೊಬ್ಬರು ಅಂಥ ನಕಲಿ ಪೊಲೀಸ್ ಕರೆಯನ್ನು ಗಾಬರಿಯಾಗದೆ ರೆಕಾರ್ಡ್ ಮಾಡಿಕೊಂಡಿದ್ದರು. 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯವರು ದೇಶಕ್ಕೆ ಕೇಳಿಸಿದ್ದು ಅದನ್ನೇ. ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ.

ಈ ಮೂರರಲ್ಲಿ ಒಂದು ಕಂಡರೂ ಮಾಡಬೇಕಾದದ್ದು ಒಂದೇ: ಫೋನ್ ಇಟ್ಟು, ಪಕ್ಕದಲ್ಲಿರುವ ಒಬ್ಬರಿಗೆ ನಡೆದದ್ದನ್ನು ಹೇಳಿ. ಜೋರಾಗಿ ಹೇಳುವಾಗ ಅರ್ಧ ಮೋಸ ನಮಗೇ ಗೊತ್ತಾಗುತ್ತದೆ.

ಗುಂಪಿಗೆ ಕಳುಹಿಸಲು

ಹಳೆಯ ಫಾರ್ವರ್ಡ್ ಬದಲು ಇದನ್ನು ಹಂಚಿಕೊಳ್ಳಿ:

"ಬ್ಯಾಲೆನ್ಸ್ ನೋಡಿದರೆ ಹಣ ಹೋಗುವುದಿಲ್ಲ, ಧೈರ್ಯವಾಗಿ ನೋಡಿ. ಹಣ ಪಡೆಯಲು ಪಿನ್ ಬೇಡ, ಸ್ಕ್ಯಾನ್ ಬೇಡ. ಪಿನ್ ಹಾಕುವ ಮುನ್ನ ಮೇಲಿನ ಹೆಸರು ಮತ್ತು ಮೊತ್ತ ಓದಿ. .apk ಫೈಲ್ ತೆರೆಯಬೇಡಿ. ಹಣ ಹೋದರೆ ನಾಚಿಕೆ ಬೇಡ, ಕೂಡಲೇ 1930."

ಚಿಕ್ಕಮ್ಮ ಈಗ ಇದನ್ನೇ ತಮ್ಮ ಸಂಘದ ಗುಂಪಿಗೆ ಹಾಕಿದ್ದಾರೆ. ಗೃಹಲಕ್ಷ್ಮಿ ಹಣ ಬಂದಾಗ ಬ್ಯಾಲೆನ್ಸನ್ನು ಮನೆಯ ಜಗಲಿಯಲ್ಲೇ ಕೂತು ನೋಡುತ್ತಾರೆ.